ತೋಟೆ ಒಳಗೆ ಕೂತರೆ ಸಾಕಾ?

ಪ್ರಶ್ನೆ: ನಮ್ಮದು ಅಜ್ಜನ ಕಾಲದ 12 ಬೋರ್ ಜೋಡುನಳಿಗೆ ಕೋವಿ. ಅಂಗಡಿಯಿಂದ ತಂದ ತೋಟೆಯ ಬುಡದಲ್ಲೂ 12 ಅಂತಲೇ ಇದೆ. ಹಾಕಿದರೆ ಸರಿಯಾಗಿ ಕೂರುತ್ತೆ, ಕೋವಿ ಟಕ್ ಅಂತ ಮುಚ್ಚುತ್ತೆ. ಅಂದ್ಮೇಲೆ ಅದು ಈ ಕೋವಿಗೇ ಆಗುವ ತೋಟೆ ಅಲ್ವಾ?

ಅಲ್ಲ. ಆಗಿದ್ದರೂ ಇರಬಹುದು, ಆದರೆ ನೀವು ಹೇಳಿದ ಕಾರಣಕ್ಕಂತೂ ಅಲ್ಲ.

ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ತೋಟೆ ತಪಾಸಣೆ ಮಾಡಿಕೊಂಡೇ ನನ್ನ ನೌಕರಿ ಮುಗಿಯಿತು. ಆ ವಿಷಯ ಪುಣೆಯ ಕನ್ನಡದವರಲ್ಲಿ ನಾಲ್ಕು ಜನಕ್ಕೆ ಗೊತ್ತಾದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರಾದರೂ ಮೊಬೈಲ್ ಮುಂದೆ ಹಿಡಿಯುತ್ತಾರೆ. ಫೋಟೊದಲ್ಲಿ ಹಿತ್ತಾಳೆ ಬುಡ, ನಡುವೆ ಕೇಪು, ಸುತ್ತ 12 ಅಂಕಿ, ಮಾಡಿದವರ ಹೆಸರು. "ನೋಡಿ ಸರ್, ಇದು ಆಗುತ್ತಲ್ಲಾ?" ಅಷ್ಟರಿಂದ ನನಗೂ ಹೇಳಲು ಬರುವುದಿಲ್ಲ ಎಂದರೆ ನಂಬುವುದಿಲ್ಲ.

ಯಾಕೆ ಬರುವುದಿಲ್ಲ ಎಂದರೆ, ಬುಡದ ಮುದ್ರೆ ತೋಟೆಯ ದಪ್ಪ ಹೇಳುತ್ತೆ, ಉದ್ದ ಹೇಳುವುದಿಲ್ಲ. ಚರೆ ತೋಟೆಯ ಉದ್ದ ಬರೆದಿರುವುದು ಅದರ ಮೈಮೇಲೆ, ಪ್ಲಾಸ್ಟಿಕ್ ಅಥವಾ ಕಾಗದದ ಕೊಳವೆಯ ಪಕ್ಕದಲ್ಲಿ. 70 ಮಿ.ಮೀ. ಅಂತಲೋ, 12/70 ಅಂತಲೋ, ಎರಡೂಮುಕ್ಕಾಲು ಇಂಚು ಅಂತಲೋ ಇರುತ್ತೆ. ಡಬ್ಬಿಯ ಮೇಲೂ ಇರುತ್ತೆ. ಡಬ್ಬಿಯನ್ನು ಎಲ್ಲರೂ ಮೊದಲು ಎಸೆಯುತ್ತಾರೆ, ಅದು ಬೇರೆ ಮಾತು.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಮನೆಗೆ ಬಂದಿದ್ದ. ಮೂಡಿಗೆರೆ ಕಡೆಯವನು, ಹಿಂಜವಡಿಯಲ್ಲಿ ಕೆಲಸ. ಅಜ್ಜನ ಕೋವಿ ಅವನ ಹೆಸರಿಗೆ ಬಂದಿತ್ತು, ಇಂಗ್ಲೆಂಡಿನಲ್ಲಿ ಮಾಡಿದ್ದು. ಊರಲ್ಲಿ ಎರಡು ತೋಟೆ ಹೊಡೆದು ನೋಡಿದ್ದಾನೆ. "ಭುಜಕ್ಕೆ ಭಾರೀ ಒದೆಯುತ್ತೆ ಅಂಕಲ್, ಹಳೇ ಕೋವಿ ಅಲ್ವಾ" ಅಂದ. ಕೋವಿ ಹಳೆಯದಾದರೆ ಒದೆಯುವುದಿಲ್ಲ ಮಾರಾಯ, ಹೊಡೆದ ತೋಟೆ ಇಟ್ಟಿದ್ದೀಯಾ ಎಂದು ಕೇಳಿದೆ. ಪುಣ್ಯಕ್ಕೆ ಒಂದು ಖಾಲಿ ತೋಟೆ ಬ್ಯಾಗಿನ ಮೂಲೆಯಲ್ಲಿತ್ತು.

ಅದರ ಬಾಯಿ ನೋಡಿದರೆ ಸಾಕಾಗಿತ್ತು. ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿಗೆ ಚೇಂಬರ್ ಅನ್ನುತ್ತಾರೆ. ಸರಿಯಾದ ಚೇಂಬರಿನಲ್ಲಿ ಹೊಡೆದ ತೋಟೆಯ ಬಾಯಿ ಗುಂಡಗೆ, ಸಾಧಾರಣ ನೆಟ್ಟಗೆ ಬಿಚ್ಚಿಕೊಂಡಿರುತ್ತೆ. ಇದರ ಅಂಚು ತೆಳ್ಳಗೆ ಎಳೆದುಕೊಂಡು, ಹಳೇ ಚಾಪೆಯ ತುದಿಯ ಹಾಗೆ ನಾರುನಾರಾಗಿ ಹರಿದಿತ್ತು. ಪಕ್ಕದಲ್ಲಿ ಇನ್ನೂ ಓದಲು ಬರುತ್ತಿತ್ತು: 70.

ಈಗ "ಕೂತರೆ ಸರಿ" ಎಂಬ ಮಾತಿಗೆ ಬರೋಣ. ಇದೊಂದನ್ನು ತಲೆಯಿಂದ ತೆಗೆಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

70 ಮಿ.ಮೀ. ತೋಟೆ ಎಂದರೆ ಅಂಗಡಿಯಲ್ಲಿ ಸಿಗುವಾಗ ಅದು 70 ಮಿ.ಮೀ. ಇರುವುದಿಲ್ಲ. ಸ್ಕೇಲ್ ಇಟ್ಟು ಅಳೆಯಿರಿ, ಸುಮಾರು 58 ಬರುತ್ತೆ. ಚರೆ ಚೆಲ್ಲದ ಹಾಗೆ ಬಾಯಿಯನ್ನು ಹೂವಿನ ಎಸಳಿನಂತೆ ಒಳಕ್ಕೆ ಮಡಿಚಿರುತ್ತಾರೆ. ಬರೆದಿರುವ 70, ಹೊಡೆದ ಮೇಲೆ ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಅದರೊಳಗೆ 58ರ ತೋಟೆ ಕೂರದೆ ಏನು ಮಾಡುತ್ತೆ? ಆರಾಮಾಗಿ ಕೂರುತ್ತೆ, ಮುಂದೆ ಜಾಗವೂ ಉಳಿಯುತ್ತೆ. ಕೋವಿ ಟಕ್ ಅಂತ ಮುಚ್ಚುತ್ತೆ. ನೀವು ಪರೀಕ್ಷೆ ಅಂದುಕೊಂಡಿದ್ದು ಪರೀಕ್ಷೆಯೇ ಅಲ್ಲ. ಅದು ಮಡಿಚಿದ ಕೊಡೆಯನ್ನು ಕಿಟಕಿಯಲ್ಲಿ ತೂರಿಸಿ, ಬಿಚ್ಚಿದ ಮೇಲೂ ತೂರುತ್ತೆ ಅಂದ ಹಾಗೆ.

ಕುದುರೆ ಬಿದ್ದ ಕ್ಷಣ ಒಳಗೆ ಏನಾಗುತ್ತೆ ನೋಡಿ. ಚೇಂಬರ್ ಮುಗಿದ ಕಡೆ ನಳಿಗೆ ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗುತ್ತೆ. ನಾವು ಅದಕ್ಕೆ ಕೊರಳು ಅನ್ನುತ್ತಿದ್ದೆವು. ಮಡಿಕೆ ಬಿಚ್ಚಿಕೊಳ್ಳಲು 70 ಬೇಕು, ಇರುವುದು 65. ಉಳಿದ 5 ಮಿ.ಮೀ. ಕೊರಳೊಳಗೆ ನುಗ್ಗುತ್ತೆ. ಅಲ್ಲಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲ. ಚರೆ ಮತ್ತು ಅದರ ಹಿಂದಿನ ಬಿರಡೆ ಆ ಇಕ್ಕಟ್ಟಿನಲ್ಲೇ ತಳ್ಳಿಕೊಂಡು ಹೋಗಬೇಕು. ಹಿಂದೆ ಮದ್ದು ಉರಿಯುತ್ತಲೇ ಇರುತ್ತೆ, ಒತ್ತಡ ಏರುತ್ತೆ. ಹುಡುಗನ ಭುಜಕ್ಕೆ ಬಿದ್ದ ಒದೆ ಅದು. ತೋಟೆಯ ಬಾಯಿ ನಾರಾಗಿದ್ದೂ ಅದಕ್ಕೇ.

"ಆದರೆ ಸಿಡಿಯಲಿಲ್ಲವಲ್ಲ" ಎಂದು ಅವನೂ ಹೇಳಿದ, ಎಲ್ಲರೂ ಹೇಳುತ್ತಾರೆ. ಮೊದಲ ತೋಟೆಗೇ ಸಿಡಿಯುವುದು ಅಪರೂಪ, ನಿಜ. ಅದೇ ಈ ನಂಬಿಕೆ ಸಾಯದಿರಲು ಕಾರಣ. ಪ್ರತಿ ಸಲವೂ ಕೋವಿ ಸ್ವಲ್ಪ ಸ್ವಲ್ಪ ಪೆಟ್ಟು ತಿನ್ನುತ್ತಾ ಹೋಗುತ್ತೆ. ಕೀಲು ಸಡಿಲವಾಗುತ್ತೆ, ಮುಚ್ಚಿದ ಮೇಲೂ ನಳಿಗೆ ಅಲ್ಲಾಡುತ್ತೆ. ನೂರು ವರ್ಷದ ಕಬ್ಬಿಣ, ಒಳಗೆ ತುಕ್ಕಿನ ಗುಳಿಗಳು, ಗೋಡೆ ಎಲ್ಲೋ ತೆಳುವಾಗಿರುತ್ತೆ. ಎಷ್ಟನೆಯ ತೋಟೆಗೆ ಬಿಡುತ್ತೆ ಎಂದು ಯಾರೂ ಹೇಳಲಾರರು.

ಹಾಗಾದರೆ ಕೋವಿಯ ಚೇಂಬರ್ ಎಷ್ಟು ಎಂದು ತಿಳಿಯುವುದು ಹೇಗೆ? ಲೈಸೆನ್ಸ್ ಪುಸ್ತಕದಲ್ಲಿ ಹುಡುಕಬೇಡಿ. ಅಲ್ಲಿ 12 ಬೋರ್, ಜೋಡುನಳಿಗೆ, ನಂಬರು, ಅಷ್ಟೇ. ಅದನ್ನೇ ನೋಡಿ ಅಂಗಡಿಯವನು 70ರ ತೋಟೆ ಕೊಟ್ಟಿದ್ದ. ಹುಡುಗ ಕೇಳಲಿಲ್ಲ, ಅವನು ಹೇಳಲಿಲ್ಲ.

ಗುರುತು ಇರುವುದು ನಳಿಗೆಯ ಕೆಳಗೆ. ಮೊದಲು ಕೋವಿ ಬಿಚ್ಚಿ ಎರಡೂ ಚೇಂಬರ್ ಖಾಲಿ ಇದೆಯಾ ನೋಡಬೇಕು. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಆಮೇಲೆ ನಳಿಗೆಯ ಕೆಳಗಿನ ಮರದ ತುಂಡು ತೆಗೆದು, ನಳಿಗೆ ಕಳಚಿ ಮಗುಚಿ ಹಿಡಿದರೆ, ಚೇಂಬರಿನ ಅಡಿಯಲ್ಲಿ ಚಪ್ಪಟೆ ಜಾಗ ಸಿಗುತ್ತೆ. ಎಣ್ಣೆ ಜಿಡ್ಡು ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಸವೆದ ಮುದ್ರೆ ಕಾಣುವುದಿಲ್ಲ. ಸ್ವಲ್ಪ ಸೀಮೆಸುಣ್ಣದ ಪುಡಿ ಉಜ್ಜಿದರೆ ಇನ್ನೂ ಚೆನ್ನ.

ಇಂಗ್ಲೆಂಡಿನ ಕೋವಿಯಾದರೆ ಅಲ್ಲಿನ ಪರೀಕ್ಷಾ ಮನೆಯ ಮುದ್ರೆಗಳಿರುತ್ತವೆ. 1925ರ ನಂತರದ ನಿಯಮದಲ್ಲಿ ಪರೀಕ್ಷೆಯಾಗಿದ್ದರೆ ಚೇಂಬರಿನ ಉದ್ದವನ್ನೇ ಇಂಚಿನಲ್ಲಿ ಒತ್ತಿರುತ್ತಾರೆ, ಕೆಲಸ ಸುಲಭ. ಹುಡುಗನ ಕೋವಿ ಅದಕ್ಕಿಂತ ಹಳೆಯದು. ಅದರ ಮೇಲಿದ್ದದ್ದು ವಜ್ರದಾಕಾರದ ಚೌಕಟ್ಟು, ಒಳಗೆ 12, ಅದರ ಕೆಳಗೆ ಸಿ ಎಂಬ ಇಂಗ್ಲಿಷ್ ಅಕ್ಷರ. ಫೋಟೊ ಕಳಿಸಿ "12 ಚೇಂಬರ್ ಅಂತ ಇದೆ ಅಂಕಲ್, ಸರಿಯಾಯ್ತಲ್ಲ" ಎಂದು ಬರೆದ. ಸರಿಯಾಗಲಿಲ್ಲ. ಆ ಸಿ ಹೇಳುವುದು 3 ಇಂಚಿನ ಉದ್ದ ಚೇಂಬರ್ ಅಲ್ಲ ಎಂದು ಮಾತ್ರ. ಉದ್ದದ್ದಾಗಿದ್ದರೆ ಎಲ್ ಸಿ ಎಂದು ಎರಡು ಅಕ್ಷರ ಇರುತ್ತಿತ್ತು. ಎರಡೂವರೆಯೋ ಎರಡೂಮುಕ್ಕಾಲೋ ಎಂಬುದು ಅಳೆಯದೆ ಗೊತ್ತಾಗುವುದಿಲ್ಲ. ಮುದ್ರೆಯಲ್ಲಿ ಉದ್ದ ಇದ್ದರೂ ಒಮ್ಮೆ ಅಳೆಸುವುದು ಒಳ್ಳೆಯದು, ನಡುವೆ ಯಾರಾದರೂ ಚೇಂಬರ್ ಕೊರೆಸಿರುವುದೂ ಉಂಟು.

ಸ್ಕೇಲ್ ತೂರಿಸಿ ನೀವೇ ಅಳೆಯಲು ಹೋಗಬೇಡಿ. ಚೇಂಬರ್ ಎಲ್ಲಿ ಮುಗಿದು ಕೊರಳು ಎಲ್ಲಿ ಶುರುವಾಯ್ತು ಎಂಬುದು ಕಣ್ಣಿಗೆ ಸಿಗುವುದಿಲ್ಲ. ನಮಗೆ ಬೇಕಾಗಿರುವ ವ್ಯತ್ಯಾಸವೇ 5 ಮಿ.ಮೀ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಇದಕ್ಕೆಂದೇ ಗೇಜ್ ಇರುತ್ತೆ. ಪುಣೆಯ ಒಬ್ಬ ಹಿರಿಯ ಕುಶಲಕರ್ಮಿ ಎರಡೂ ನಳಿಗೆಗೆ ಅದನ್ನು ಇಳಿಸಿ, ಹೆಬ್ಬೆರಳಲ್ಲಿ ಗೀಟು ಹಿಡಿದು ತೋರಿಸಿದರು. "ಪಾಸಷ್ಟ ಆಹೆ, ಸತ್ತರ್ ನಾಹೀ." 65, 70 ಅಲ್ಲ.

ಒಂದು ಅಪವಾದ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಹಿಡಿದುಕೊಂಡು ಬರುತ್ತೀರಿ. 67 ಮಿ.ಮೀ. ಎಂದು ಬರೆದ ಕೆಲವು ತೋಟೆಗಳನ್ನು 65ರ ಚೇಂಬರಿಗೆಂದೇ ಕಡಿಮೆ ಒತ್ತಡದಲ್ಲಿ ಮಾಡುತ್ತಾರೆ. ಆದರೆ ಡಬ್ಬಿಯ ಮೇಲೆ ಹಾಗೆಂದು ಬರೆದಿದ್ದರೆ ಮಾತ್ರ. ಮತ್ತೆ, ತಿರುಗಾ ಮುರುಗಾ ಚಿಂತೆಯಿಲ್ಲ: 70ರ ಚೇಂಬರಿನಲ್ಲಿ 65ರ ತೋಟೆ ಹೊಡೆಯಬಹುದು.

"ಕೂತರೆ ಸರಿ"ಗೆ ಇನ್ನೊಂದು ಮುಖವಿದೆ. ಅದು 20 ಬೋರಿನದು. ಸೀಸದ ಒಂದು ಪೌಂಡನ್ನು ಎಷ್ಟು ಸಮ ಉಂಡೆ ಮಾಡಿದರೆ ಒಂದೊಂದೂ ನಳಿಗೆಯಷ್ಟೇ ದಪ್ಪ ಬರುತ್ತೋ ಅಷ್ಟು ಬೋರ್. ಹನ್ನೆರಡು ಮಾಡಿದರೆ ದಪ್ಪ ಉಂಡೆ, ಇಪ್ಪತ್ತು ಮಾಡಿದರೆ ಸಣ್ಣದು. ಹಾಗಾಗಿ 20 ಬೋರಿನ ತೋಟೆ 12ಕ್ಕಿಂತ ಸಣ್ಣದು. 12ರ ಚೇಂಬರಿಗೆ ಅದನ್ನು ಹಾಕಿದರೆ ಬುಡದ ಅಂಚೂ ತಡೆಯದೆ ಒಳಗೆ ಜಾರಿ, ಕೊರಳಲ್ಲಿ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ಇಣುಕಿದರೆ ಚೇಂಬರ್ ಖಾಲಿ. ಎಳೆದರೆ ಬರೀ ಟಿಕ್. ತೋಟೆ ಹಾಕುವುದೇ ಮರೆತೆ ಎಂದು ಹಿಂದೆ 12ರದ್ದೊಂದು ಹಾಕುತ್ತಾರೆ. ಆಗ ನಳಿಗೆ ಒಡೆಯುವುದು ಎಡಗೈ ಹಿಡಿದ ಕಡೆ. ಈ ಕಾರಣಕ್ಕೇ 20 ಬೋರಿನ ತೋಟೆಗೆ ಹಳದಿ ಬಣ್ಣ ಹಾಕುವ ರೂಢಿ ಬಂತು. ಎಲ್ಲರೂ ಪಾಲಿಸುವುದಿಲ್ಲ, ಬಣ್ಣ ನೋಡಿದ ಮೇಲೂ ಅಂಕಿ ಓದಿ. ಎರಡೂ ಬೋರಿನ ಕೋವಿ ಇರುವ ಮನೆಯಲ್ಲಿ ಜೇಬಿನಲ್ಲಿ ಒಂದೇ ಬಗೆಯ ತೋಟೆ ಇರಲಿ.

ಯಾರೂ ಕೇಳಿಲ್ಲ, ಆದರೂ .32ರ ಮಾತು ಹೇಳದೆ ಇರಲಾರೆ. ನಮ್ಮ ದೇಶದಲ್ಲಿ ಲೈಸೆನ್ಸಿನ ಮೇಲೆ ಸಿಗುವ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇದೆ, .32 ಪಿಸ್ತೂಲೂ ಇದೆ. ಅಂಕಿ ಒಂದೇ, ಗುಂಡು ಬೇರೆ. ರಿವಾಲ್ವರಿನದು ಎಸ್ ಅಂಡ್ ಡಬ್ಲ್ಯೂ ಲಾಂಗ್, ಹಿತ್ತಾಳೆ ಕೊಳವೆ 23 ಮಿ.ಮೀ. ಉದ್ದ, ಬುಡದಲ್ಲಿ ಎದ್ದು ಕಾಣುವ ಅಂಚು. ಪಿಸ್ತೂಲಿನದು ಎ.ಸಿ.ಪಿ., ಕೊಳವೆ 17 ಮಿ.ಮೀ., ಅಂಚು ಕಂಡೂ ಕಾಣದಷ್ಟು. ಆ ಸಣ್ಣ ಅಂಚಿನ ದೆಸೆಯಿಂದಲೇ ಎಷ್ಟೋ ರಿವಾಲ್ವರುಗಳಲ್ಲಿ ಎ.ಸಿ.ಪಿ. ಹೋಗಿ ಕೂರುತ್ತೆ. ಗಿಡ್ಡ ಗುಂಡು, ಮೆತ್ತಗಿರಬೇಕು ಅನ್ನಿಸುತ್ತೆ. ಅದರ ಒತ್ತಡವೇ ಜಾಸ್ತಿ. ಇನ್ನೂ ತಮಾಷೆ ಎಂದರೆ 7.65 ಬ್ರೌನಿಂಗ್ ಎಂದು ಬುಡದಲ್ಲಿ ಇರುವುದೂ .32 ಎ.ಸಿ.ಪಿ.ಯೇ. ಹೆಸರು ಬೇರೆ, ಗುಂಡು ಒಂದೇ. ಇಲ್ಲಿ ಮಾತ್ರ ಬುಡದ ಮುದ್ರೆಯ ಅಂಕಿ ಬಿಟ್ಟು ಅಕ್ಷರ ಓದಬೇಕು. ಮಿಲಿಟರಿ ತೋಟೆಯ ಬುಡದಲ್ಲಿ ಖಡಕಿಯ ಕೆ.ಎಫ್. ಜೊತೆ ಎರಡಂಕಿ ಇದ್ದರೆ ಅದು ಮಾಡಿದ ವರ್ಷ. ಅದನ್ನು ಉದ್ದ ಎಂದು ಓದಿದ ಪುಣ್ಯಾತ್ಮರನ್ನೂ ನೋಡಿದ್ದೇನೆ.

ಹುಡುಗನ ಹತ್ತಿರ ಉಳಿದಿದ್ದ 70ರ ತೋಟೆಗಳನ್ನು ಯಾರಿಗಾದರೂ ಕೊಟ್ಟುಬಿಡಲಾ ಎಂದು ಕೇಳಿದ. ಕೊಡಬಾರದು, ಲೈಸೆನ್ಸ್ ಇಲ್ಲದವನಿಗೆ ದಾಟಿಸಿದರೆ ಅದೇ ಅಪರಾಧ. ಅಂಗಡಿಗೆ ವಾಪಸ್ ಕೊಟ್ಟು, ಲೆಕ್ಕ ಬರೆಸಿಕೊಂಡು ಬಂದ. 65ರ ತೋಟೆ ತರಿಸಿಕೊಡಲು ಅಂಗಡಿಯವನು ಎರಡು ತಿಂಗಳು ತೆಗೆದುಕೊಂಡ. ಅಷ್ಟು ದಿನ ಕೋವಿ ಬೀರುವಿನಲ್ಲೇ ಇತ್ತು.