ಅಪ್ಪನ ದಾರಿ ಹಿಡಿದವರೆಲ್ಲ ಫೋರ್‌ಕ್ಲೋಷರ್ ಅಲ್ಲ: ಮಾರ್ಷಿಯಾ ಟಿಪ್ಪಣಿ

ಮೊನ್ನೆ ಇಂಟರ್ನಲ್ ಟೆಸ್ಟ್‌ನಲ್ಲಿ ಎರಡು ಮಾರ್ಕ್ಸ್ ಹೋಯಿತು. ಪ್ರಶ್ನೆ ಹೀಗಿತ್ತು: ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ, ಬೇರೆ ಊರಲ್ಲಿ ಕೆಲಸ ಮಾಡಿ, ಆಮೇಲೆ ವಾಪಸ್ ಬಂದು ಅಪ್ಪನ ಪ್ರಿಂಟಿಂಗ್ ಪ್ರೆಸ್ಸನ್ನೇ ನಡೆಸಲು ತೀರ್ಮಾನಿಸಿದ್ದಾನೆ. ಮನಶ್ಶಾಸ್ತ್ರಜ್ಞ ಮಾರ್ಷಿಯಾ ಹೇಳಿದ ನಾಲ್ಕು ಅಸ್ಮಿತೆ ಸ್ಥಿತಿಗಳಲ್ಲಿ ಇವನದು ಯಾವುದು? 'ಅಪ್ಪನ' ಅನ್ನುವ ಪದ ಕಂಡ ಕೂಡಲೇ ನನ್ನ ಕೈ ಫೋರ್‌ಕ್ಲೋಷರ್ ಎಂದು ಬರೆದುಬಿಟ್ಟಿತು. ಸರಿ ಉತ್ತರ ಅಚೀವ್‌ಮೆಂಟ್. ಯಾಕೆ ಎಂದು ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಬಿ.ಎಡ್., ಟಿಇಟಿ ಓದುವವರಿಗೂ ಉಪಯೋಗಕ್ಕೆ ಬರಬಹುದು.

ಎರಿಕ್‌ಸನ್, ಬೇಗ ಬೇಗ

ಮನುಷ್ಯನ ಬೆಳವಣಿಗೆಗೆ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಹೇಳಿದ ಎಂಟು ಹಂತಗಳಲ್ಲಿ ಐದನೆಯದು ಹದಿಹರೆಯದ್ದು. ಅಸ್ಮಿತೆ ಒಂದು ಕಡೆ, ಪಾತ್ರ ಗೊಂದಲ ಇನ್ನೊಂದು ಕಡೆ. 'ನಾನು ಯಾರು, ಏನಾಗಬೇಕು' ಎಂದು ತಡಕಾಡಲು ಸಮಾಜ ಈ ವಯಸ್ಸಿನವರಿಗೆ ಸ್ವಲ್ಪ ಬಿಡುವು ಕೊಡುತ್ತದೆ. ಆ ಬಿಡುವಿಗೆ ಅವನು ಮೊರಟೋರಿಯಂ ಎಂದ. ಅವನೇ ಇದಕ್ಕೆ ಒಳ್ಳೆ ಉದಾಹರಣೆ. ಸಾಕುತಂದೆ ಮಕ್ಕಳ ಡಾಕ್ಟರು, ಮಗನೂ ಡಾಕ್ಟರಾಗಲಿ ಎಂದು ಆಸೆ. ಮಗ ಚಿತ್ರಕಲೆ ಹಿಡಿದು ಯುರೋಪ್ ಸುತ್ತಿದ. ಆಮೇಲೆ ವಿಯೆನ್ನಾದಲ್ಲಿ ಮೇಷ್ಟ್ರಾದ, ಅಲ್ಲಿಂದ ಮನೋವಿಶ್ಲೇಷಣೆಗೆ ಬಂದ. ಎರಿಕ್‌ಸನ್ ಎಂಬ ಹೆಸರು ಕೂಡ ಹುಟ್ಟಿನಿಂದ ಬಂದದ್ದಲ್ಲ, ಅಮೆರಿಕಕ್ಕೆ ಹೋದ ಮೇಲೆ ತಾನೇ ಇಟ್ಟುಕೊಂಡದ್ದು.

ಮಾರ್ಷಿಯಾ ಮಾಡಿದ್ದೇನು

ಎರಿಕ್‌ಸನ್ ಮಾತು ಚೆನ್ನಾಗಿದೆ, ಆದರೆ ಒಬ್ಬ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಅವನು ಎಲ್ಲಿದ್ದಾನೆ ಎಂದು ಗುರುತಿಸುವುದು ಹೇಗೆ? ಇದಕ್ಕೆ ದಾರಿ ಮಾಡಿದವನು ಜೇಮ್ಸ್ ಮಾರ್ಷಿಯಾ, 1966ರಲ್ಲಿ. ಕಾಲೇಜು ಓದುತ್ತಿದ್ದ 86 ಹುಡುಗರನ್ನು ಒಬ್ಬೊಬ್ಬರಾಗಿ ಕೂರಿಸಿ, ಹದಿನೈದರಿಂದ ಮೂವತ್ತು ನಿಮಿಷ ಮಾತಾಡಿಸಿದ. ವಿಷಯ ಮೂರೇ: ಉದ್ಯೋಗ, ಧರ್ಮ, ರಾಜಕೀಯ.

ಆ ಮಾತುಗಳಲ್ಲಿ ಅವನು ಹುಡುಕಿದ್ದು ಎರಡು ಸಂಗತಿ. ಒಂದು, ಹುಡುಕಾಟ ನಡೆದಿದೆಯಾ? ಎರಡು, ಬದ್ಧತೆ ಇದೆಯಾ, ಅಂದರೆ ಒಂದು ದಾರಿ ಹಿಡಿದು ಅದರಲ್ಲಿ ಕಾಲೂರಿದ್ದಾರಾ? ಎರಡೂ ಇದ್ದರೆ ಅಚೀವ್‌ಮೆಂಟ್. ಹುಡುಕಾಟ ನಡೀತಾ ಇದೆ, ಬದ್ಧತೆ ಇನ್ನೂ ಗಟ್ಟಿಯಾಗಿಲ್ಲ ಅಂದರೆ ಮೊರಟೋರಿಯಂ. ಹುಡುಕದೆಯೇ ಬದ್ಧತೆ ಬಂದಿದ್ದರೆ ಫೋರ್‌ಕ್ಲೋಷರ್. ಬದ್ಧತೆ ಇಲ್ಲ, ಹುಡುಕುವ ಗೋಜೂ ಇಲ್ಲ ಅಂದರೆ ಡಿಫ್ಯೂಷನ್. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ನಾನೂ ಮಾಡಿದ್ದೆ. ಮಾರ್ಕ್ಸ್ ಹೋಗಿದ್ದು ಇದರ ಮುಂದೆ.

ನನ್ನ ಬ್ಯಾಂಕ್ ಸೂತ್ರ

ಹೆಸರುಗಳು ಅದಲು ಬದಲಾಗುತ್ತಿದ್ದವು. ಎಜುಕೇಶನ್ ಲೋನ್ ನೆನಪಿಗೆ ಬಂದ ಮೇಲೆ ಆಗಿಲ್ಲ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ, ಅದಕ್ಕೆ ಬ್ಯಾಂಕಿನವರು ಮೊರಟೋರಿಯಂ ಅಂತಾರೆ. ಸಾಲ ಮಾತ್ರ ಮಾಫಿ ಆಗಿಲ್ಲ, ಬಡ್ಡಿ ಬೆಳೀತಾನೇ ಇರುತ್ತದೆ. ಮಾರ್ಷಿಯಾನ ಮೊರಟೋರಿಯಂ ಕೂಡ ಹಾಗೇ. ತೀರ್ಮಾನ ಮುಂದಕ್ಕೆ ಹೋಗಿದೆ, ಒಳಗೆ ತಳಮಳ ಬೆಳೆಯುತ್ತಿದೆ. ನಾಲ್ಕು ಗುಂಪಿನಲ್ಲಿ ಆತಂಕ ಜಾಸ್ತಿ ಕಂಡದ್ದು ಇವರಲ್ಲೇ. ಫೋರ್‌ಕ್ಲೋಷರ್ ಅಂದರೆ ನಮ್ಮ ಕಡೆ ಅವಧಿಗೆ ಮುಂಚೆ ಲೋನ್ ಕ್ಲೋಸ್ ಮಾಡುವುದು ತಾನೇ? ಇಲ್ಲೂ ಖಾತೆ ಅವಧಿಗೆ ಮುಂಚೆಯೇ ಮುಚ್ಚಿದೆ. ಒಂದೇ ವ್ಯತ್ಯಾಸ, ಬೇರೆ ಯಾರೋ ಕಟ್ಟಿ ಮುಚ್ಚಿರುತ್ತಾರೆ. ಡಿಫ್ಯೂಷನ್‌ನವನು ಬ್ಯಾಂಕಿನ ಕಡೆ ತಲೆಯನ್ನೇ ಹಾಕಿಲ್ಲ.

ನಾನು ಎಡವಿದ ಜಾಗ

ಫೋರ್‌ಕ್ಲೋಷರ್ ಅಂದರೆ ಒತ್ತಾಯ, ಒತ್ತಾಯ ಅಂದರೆ ಅಳು, ಮನೆಯಲ್ಲಿ ಜಗಳ. ನನ್ನ ತಲೆಯಲ್ಲಿ ಕೂತಿದ್ದ ಚಿತ್ರ ಅದು. ಅದು ತಪ್ಪು. ಫೋರ್‌ಕ್ಲೋಷರ್‌ನಲ್ಲಿರುವ ಹುಡುಗ ಬಹಳ ಸಲ ಆರಾಮವಾಗಿರುತ್ತಾನೆ. ಅಪ್ಪ ಅಮ್ಮನಿಗೆ ಖುಷಿ, ತನಗೂ ಖುಷಿ. ತಳ್ಳಿದ್ದು ಅವನಿಗೆ ಗೊತ್ತೇ ಆಗಿಲ್ಲ, ಯಾಕೆಂದರೆ ಯಾರೂ ಜೋರು ಮಾಡಿಲ್ಲ. ಮೂರನೇ ಕ್ಲಾಸಿನಿಂದ 'ನಮ್ಮ ಡಾಕ್ಟರ್ ಪುಟ್ಟ' ಎಂದು ಕರೆದಿದ್ದಾರೆ, ಅಷ್ಟೇ. ಅತ್ತುಕೊಂಡು ಪಿಸಿಎಂಬಿ ಓದುವ ಹುಡುಗಿಯ ಮನಸ್ಸು ಆ ದಾರಿಯಲ್ಲಿ ಇಲ್ಲವೇ ಇಲ್ಲ. ಅವಳಿಗಿರುವುದು ಸೀಟು, ಬದ್ಧತೆಯಲ್ಲ. ಅವಳು ಒಳಗೊಳಗೇ ಬೇರೆ ದಾರಿ ಹುಡುಕುತ್ತಿದ್ದರೆ ಮೊರಟೋರಿಯಂ ಎನ್ನಬೇಕಾಗುತ್ತದೆ.

ಇದರ ಉಲ್ಟಾ ಕೂಡ ನಿಜ. ಹಠ ಹಿಡಿದು, ಅಪ್ಪನ ಮಾತು ಮೀರಿ ಆರ್ಟ್ಸ್ ತಗೊಂಡವನೆಲ್ಲ ಅಚೀವ್‌ಮೆಂಟ್ ಅಲ್ಲ. ಅಪ್ಪ ಬೇಡ ಅಂದದ್ದಕ್ಕೇ ತಗೊಂಡಿದ್ದರೆ ಅಲ್ಲಿ ಹುಡುಕಾಟ ಎಲ್ಲಿ ಬಂತು? ಮಾರ್ಷಿಯಾ ಮೊದಲು ಹುಡುಕಾಟಕ್ಕೆ 'ಬಿಕ್ಕಟ್ಟು' ಎಂಬ ಪದ ಬಳಸಿದ್ದ. ಹಳೇ ನೋಟ್ಸ್‌ಗಳಲ್ಲಿ ಇನ್ನೂ ಅದೇ ಇದೆ, ಅದನ್ನು ಓದಿಯೇ ನಾನು ಜಗಳ, ಕಣ್ಣೀರು ಎಂದುಕೊಂಡಿದ್ದು. ಅವನ ಅರ್ಥ ಬೇರೆ: ನಿಜವಾಗಿ ಆಗಬಹುದಾದ ಎರಡು ಮೂರು ದಾರಿಗಳ ನಡುವೆ ನಿಂತು ತೂಗಿ ನೋಡಿದ ಒಂದು ಕಾಲ.

ಹಾಗಾಗಿ 'ಯಾರು ಆರಿಸಿದ್ದು' ಎಂದು ಕೇಳಿದರೆ ದಾರಿ ತಪ್ಪುತ್ತೀರಿ. 'ಕೊನೆಗೆ ಏನು ಆರಿಸಿದ' ಎಂಬುದರಿಂದಲೂ ಏನೂ ಗೊತ್ತಾಗುವುದಿಲ್ಲ. ಕೇಳಬೇಕಾದದ್ದು, ನಡುವೆ ಏನು ನಡೆಯಿತು ಎಂದು. ಪ್ರೆಸ್ ಹುಡುಗನಿಗೆ ಬೇರೆ ಕೆಲಸ ಹೇಗಿರುತ್ತದೆ ಎಂದು ಕೈಯಾರೆ ಗೊತ್ತು. ಏನು ಬಿಟ್ಟು ಬಂದೆ ಎಂದು ಹೇಳಬಲ್ಲ. ಸುತ್ತಿ ಬಂದು ನಿಂತದ್ದು ಹಳೇ ಬಾಗಿಲಲ್ಲೇ ಆದರೂ, ಅವನು ಸುತ್ತಿದ್ದು ಲೆಕ್ಕಕ್ಕೆ ಬರುತ್ತದೆ.

ಮನೆಯಲ್ಲಿ ಮಾಡಿ ನೋಡಿದ್ದು

ಮಾರ್ಷಿಯಾನ ಸಂದರ್ಶನದ ಉದ್ಯೋಗದ ಭಾಗ ಸುಮಾರಾಗಿ ಈ ದಾರಿಯಲ್ಲಿ ಹೋಗುತ್ತದೆ. ಏನಾಗಬೇಕು ಅಂದುಕೊಂಡಿದ್ದೀಯ? ಯಾವಾಗ ಹಾಗನ್ನಿಸಿತು? ಬೇರೆ ಏನಾದರೂ ಯೋಚಿಸಿದ್ದೆಯಾ? ಇದರಲ್ಲಿ ಏನು ಹಿಡಿಸಿತು? ಅಪ್ಪ ಅಮ್ಮನ ಮನಸ್ಸಲ್ಲಿ ಏನಿತ್ತು? ಕೊನೆಗೆ, ಇದಕ್ಕಿಂತ ಒಳ್ಳೇದು ಸಿಕ್ಕಿದರೆ ಇದನ್ನು ಬಿಡ್ತೀಯಾ?

ಆ ಕೊನೆಯ ಪ್ರಶ್ನೆಯೇ ನನ್ನ ಮೆಚ್ಚಿನ ಶಾರ್ಟ್‌ಕಟ್. ಭಾನುವಾರ ಚಿಕ್ಕಪ್ಪನ ಮನೆಗೆ ಹೋದಾಗ ತಂಗಿಯನ್ನು ಕೇಳಿದೆ. ಸೆಕೆಂಡ್ ಪಿಯುಸಿ, ಪಿಸಿಎಂಬಿ, ನೀಟ್ ಕೋಚಿಂಗ್. ಮೇಜಿನ ಮೇಲೆ ಬಯಾಲಜಿ ಪುಸ್ತಕ, ಅದರ ರಟ್ಟಿನ ಮೇಲೆ ಅವಳೇ ನೀಟಾಗಿ ಬರೆದ 'ಡಾ.' ಮತ್ತು ಹೆಸರು.

"ಬಿಡೋದಾ? ಯಾಕೆ ಬಿಡ್ಲಿ ಅಣ್ಣ? ಚಿಕ್ಕೋಳಿದ್ದಾಗಿಂದ ಇದೇ ಅಲ್ವಾ. ಅಪ್ಪಂಗೂ ಇಷ್ಟ, ನಂಗೂ ಇಷ್ಟ."

ಬೇರೆ ಏನಾದರೂ ಯೋಚಿಸಿದ್ದೆಯಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆ ಅಂದ್ರೆ ಯಾವ್ದು?" ಎಂದಳು. ಉತ್ತರದ ಬದಲು ಪ್ರಶ್ನೆ ಬಂತು. ಬೇರೆ ದಾರಿಗಳ ಹೆಸರು ಗೊತ್ತು, ಅವು ತನಗೂ ತೆರೆದಿವೆ ಎಂದು ಅನ್ನಿಸಿಯೇ ಇಲ್ಲ. ಅವಳ ಮಾತು ಮಾರ್ಷಿಯಾ ಕೊಟ್ಟ ಫೋರ್‌ಕ್ಲೋಷರ್ ಮಾದರಿ ಉತ್ತರಕ್ಕೆ ಎಷ್ಟು ಹತ್ತಿರ ಇತ್ತೆಂದರೆ ನನಗೇ ಆಶ್ಚರ್ಯ ಆಯಿತು.

ಅಷ್ಟರಲ್ಲಿ ಅತ್ತೆ ಮಗ ಬಂದ. ಅವನದು ಕಾಮರ್ಸ್. ಯಾಕೆ ಅಂದರೆ, "ಫ್ರೆಂಡ್ಸೆಲ್ಲ ಅದೇ ತಗೊಂಡ್ರು." ಒಳ್ಳೇದು ಸಿಕ್ಕಿದರೆ? "ಓ, ಈಗ್ಲೇ ಬಿಡ್ತೀನಿ!" ಇದು ಡಿಫ್ಯೂಷನ್. ಅವನನ್ನು ಯಾರೂ ತಳ್ಳಿಲ್ಲ. ನೀರು ಹರಿದ ಕಡೆ ತೇಲಿದ್ದಾನೆ. ಹೊರಗಿನಿಂದ 'ಓಪನ್ ಮೈಂಡ್' ಥರ ಕಾಣುತ್ತದೆ, ಅದಕ್ಕೇ ಮೊರಟೋರಿಯಂ ಜೊತೆ ಗೊಂದಲ ಆಗುವುದು. ವ್ಯತ್ಯಾಸ ತಿಳಿಯಬೇಕಾದರೆ 'ಯಾವುದು ಸಿಕ್ಕಿದರೆ?' ಎಂದು ಇನ್ನೊಂದು ಪ್ರಶ್ನೆ ಹಾಕಿ. ಮೊರಟೋರಿಯಂನವರು ಸಿಎನಾ, ಲಾ ನಾ, ಎರಡಕ್ಕೂ ಏನು ತೊಂದರೆ ಎಂದು ತಲೆ ತಿನ್ನುತ್ತಾರೆ. ಇವನು ಭುಜ ಹಾರಿಸಿ ಮೊಬೈಲ್ ತೆಗೆದ.

ಅಚೀವ್‌ಮೆಂಟ್‌ನವರ ಉತ್ತರ ನಡುವೆ ಎಲ್ಲೋ ಇರುತ್ತದೆ. ಬಿಟ್ಟರೂ ಬಿಡಬಹುದು, ಆದರೆ ನನಗೆ ಇದಕ್ಕಿಂತ ಒಳ್ಳೇದು ಯಾವುದಿರಬಹುದು ಎಂದು ತೋಚುತ್ತಿಲ್ಲ, ಎಂಬ ಧಾಟಿ. ಬಾಗಿಲಿಗೆ ಬೀಗ ಹಾಕಿಲ್ಲ, ಹಾರು ಹೊಡೆದೂ ಇಲ್ಲ.

ಒಂದು ಎಚ್ಚರಿಕೆ. ಬರೀ ಈ ಪ್ರಶ್ನೆಯಿಂದ ತೀರ್ಪು ಕೊಡಬೇಡಿ. ಕೋಚಿಂಗ್‌ನವರು, ಮನೆಯವರು ಕಲಿಸಿದ ಚಂದದ ಉತ್ತರ ಎಲ್ಲರ ಬಳಿಯೂ ಇರುತ್ತದೆ. 'ಯಾವಾಗ, ಹೇಗೆ, ಏನು ಬಿಟ್ಟೆ' ಎಂದು ಕೆದಕಿದಾಗ ವಿವರ ಬಂದರೆ ಹುಡುಕಾಟ ನಡೆದಿದೆ.

ಪರಿಣಾಮ ಎಲ್ಲಿ ಕಾಣುತ್ತದೆ

ಎಲ್ಲ ಸರಿಯಾಗಿ ನಡೆಯುವಾಗ ಫೋರ್‌ಕ್ಲೋಷರ್ ಮತ್ತು ಅಚೀವ್‌ಮೆಂಟ್ ಅವಳಿ ಜವಳಿ ಥರ. ಪೆಟ್ಟು ಬಿದ್ದಾಗ ಬೇರೆಯಾಗುತ್ತವೆ. ಮಾರ್ಷಿಯಾ ತನ್ನ ಹುಡುಗರಿಗೆ ಒತ್ತಡದ ನಡುವೆ ಒಂದು ಬುದ್ಧಿ ಕೆಲಸ ಕೊಟ್ಟಿದ್ದ. ಅಚೀವ್‌ಮೆಂಟ್‌ನವರು ಚೆನ್ನಾಗಿ ನಿಭಾಯಿಸಿದರು. ಫೋರ್‌ಕ್ಲೋಷರ್‌ನವರು ಸೋಲುತ್ತಿದ್ದರೂ ತಮ್ಮ ಎತ್ತರದ ಗುರಿಯನ್ನು ಇಳಿಸಲಿಲ್ಲ. ದೊಡ್ಡವರು ಹೇಳಿದ್ದೇ ಸರಿ ಎಂಬ ಭಾವ ಕೂಡ ಇವರಲ್ಲಿ ಜಾಸ್ತಿ ಕಂಡಿತು. ಗುರಿ ತನ್ನದಲ್ಲದಿದ್ದರೆ ಅದನ್ನು ಸ್ವಲ್ಪ ಆಚೆ ಈಚೆ ಸರಿಸಲು ಕೈ ಬರುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ತಂಗಿಗೆ ಎಂಬಿಬಿಎಸ್ ಸೀಟು ಸಿಗದಿದ್ದರೆ ನರ್ಸಿಂಗ್, ಫಿಸಿಯೋಥೆರಪಿ, ಮೈಕ್ರೋಬಯಾಲಜಿ ಎಲ್ಲ ಇವೆ. ಆದರೆ ಬಯಾಲಜಿಯಲ್ಲಿ ತನಗೆ ಹಿಡಿಸಿದ್ದು ಯಾವ ಭಾಗ ಎಂದು ಅವಳು ಯಾವತ್ತೂ ನೋಡಿಲ್ಲ. ಹಾಗಿರುವಾಗ ಇವು ಅವಳಿಗೆ ದಾರಿಗಳಾಗಿ ಕಾಣುವುದು ಕಷ್ಟ, ಸೋಲಾಗಿ ಕಾಣುತ್ತವೆ.

ಹುಡುಕಾಟ ಅಂದಮೇಲೆ ಎಲ್ಲವೂ ಒಳ್ಳೆಯದೇ ಎಂದೂ ಬರೆಯಬೇಡಿ. ಬೆಲ್ಜಿಯಂನ ಕೋನ್ ಲಾಯ್ಕ್ಸ್ ಮತ್ತು ಜೊತೆಯವರು 2008ರಲ್ಲಿ ಇನ್ನೊಂದು ಬಗೆಯ ಹುಡುಕಾಟವನ್ನು ಬೇರೆ ಮಾಡಿ ತೋರಿಸಿದರು. ಅದೇ ಪ್ರಶ್ನೆಯನ್ನು ಮೆಲುಕು ಹಾಕುತ್ತಾ ಒಂದೇ ಜಾಗದಲ್ಲಿ ಸುತ್ತುವುದು. ಗಾಣದೆತ್ತಿನ ಥರ. ಇದರ ಜೊತೆ ಬರುವುದು ಬೇಸರ, ಕುಗ್ಗುವಿಕೆ. ಗುರುತು ಹಿಡಿಯುವುದು ಹೇಗೆಂದರೆ, ಹೋದ ತಿಂಗಳಿಗೂ ಈ ತಿಂಗಳಿಗೂ ಅವರ ಬಳಿ ಹೊಸ ಮಾಹಿತಿ ಒಂದೂ ಸೇರಿರುವುದಿಲ್ಲ.

ಉಳಿದ ಚೂರುಪಾರು

ಈ ನಾಲ್ಕು ಮೆಟ್ಟಿಲುಗಳಲ್ಲ. ಕೆಲಸ ಹೋದಾಗ, ಮದುವೆ ಆದಾಗ ಅಚೀವ್‌ಮೆಂಟ್‌ನವರು ಮತ್ತೆ ಮೊರಟೋರಿಯಂಗೆ ಬರಬಹುದು. ಹದಿನೆಂಟಕ್ಕೆ ಎಲ್ಲ ಮುಗಿಯುತ್ತದೆ ಎಂಬುದೂ ಇಲ್ಲ, ಬಹಳ ಜನರಿಗೆ ಹುಡುಕಾಟ ಜೋರಾಗುವುದೇ ಕಾಲೇಜಿನ ನಂತರ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ, ಹದಿನೈದು ಹದಿನಾರಕ್ಕೆ, ಸೈನ್ಸಾ ಕಾಮರ್ಸಾ ಆರ್ಟ್ಸಾ ಎಂದು ಕೇಳಿಬಿಡುತ್ತಾರೆ. ಹುಡುಕಾಟ ಶುರುವಾಗುವ ಮೊದಲೇ ಫಾರ್ಮ್ ತುಂಬಿಸುವ ದಿನ ಬಂದಿರುತ್ತದೆ. ಮಾರ್ಷಿಯಾನ 86 ಜನ ಅಮೆರಿಕದ ಕಾಲೇಜಿನವರು, ಅದೂ ಬರೀ ಹುಡುಗರು. ಮನೆಮಂದಿಯೆಲ್ಲ ಕೂತು ತೀರ್ಮಾನ ಮಾಡುವ ಕಡೆ ಫೋರ್‌ಕ್ಲೋಷರನ್ನು ರೋಗ ಎಂಬಂತೆ ಬರೆಯುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ.

ಒಬ್ಬನಿಗೆ ಒಂದೇ ಚೀಟಿ ಅಂಟಿಸಲೂ ಆಗುವುದಿಲ್ಲ, ಪ್ರತಿ ವಿಷಯಕ್ಕೂ ಬೇರೆ ಬೇರೆ. ಹೊರಡುವಾಗ ತಂಗಿ ಗೇಟಿನ ತನಕ ಬಂದು, "ನೀನ್ಯಾಕಣ್ಣ ಬಿ.ಎಡ್. ಸೇರಿದ್ದು?" ಎಂದಳು. ಡಿಗ್ರಿ ಆದಮೇಲೆ ರೂಮಿನವರೆಲ್ಲ ಅರ್ಜಿ ಹಾಕಿದರು, ನಾನೂ ಹಾಕಿದೆ. ಅಂದರೆ ಸೇರುವಾಗ ಡಿಫ್ಯೂಷನ್. ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ಎಂಟನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಟ್ಟ ಮೇಲೆ ಮೊರಟೋರಿಯಂ. ಮನೆದೇವರ ವಿಷಯದಲ್ಲಿ ಇವತ್ತಿಗೂ ಶುದ್ಧ ಫೋರ್‌ಕ್ಲೋಷರ್, ಪ್ರತಿ ವರ್ಷ ಅಪ್ಪನ ಹಿಂದೆ ಜಾತ್ರೆಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬರುತ್ತೇನೆ.