ಸೆಪ್ಟಿಕ್ ಟ್ಯಾಂಕ್ ತುಂಬುವುದೇ ಇಲ್ಲ, ಆದರೂ ಖಾಲಿ ಮಾಡಿಸಬೇಕೇ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಮನೆ, ಐವರು ಇದ್ದೇವೆ. ಟ್ಯಾಂಕ್ ಕಟ್ಟಿಸಿ ಹನ್ನೆರಡು ವರ್ಷವಾಯಿತು. ಒಮ್ಮೆಯೂ ತುಂಬಿ ಉಕ್ಕಿದ್ದಿಲ್ಲ, ನೀರು ಸರಾಗವಾಗಿ ಹೋಗುತ್ತಿದೆ. ಸುಮ್ಮನೆ ಯಾಕೆ ಲಾರಿ ಕರೆಸಬೇಕು?

ಉತ್ತರ: ಸೆಪ್ಟಿಕ್ ಟ್ಯಾಂಕ್ ಬಳಕೆಗೆ ಬಂದ ಕೆಲವೇ ದಿನಗಳಲ್ಲಿ ತುಂಬುತ್ತದೆ, ಆಮೇಲೆ ಯಾವಾಗಲೂ ತುಂಬಿಯೇ ಇರುತ್ತದೆ. ಒಳಗೆ ಎಷ್ಟು ನೀರು ಬಂತೋ ಅಷ್ಟೇ ನೀರು ಇನ್ನೊಂದು ತುದಿಯಿಂದ ಇಂಗುಗುಂಡಿಗೆ ಹೋಗುತ್ತದೆ. ಹಾಗಾಗಿ ಉಕ್ಕಲಿಲ್ಲ ಎಂಬುದರಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು, ಆ ನೀರು ಒಳಗೆ ಎಷ್ಟು ಹೊತ್ತು ನಿಂತು ಹೋಗುತ್ತಿದೆ ಎಂಬುದು.

ನೀರು ನಿಂತರೆ ಮಾತ್ರ ಕೊಳೆ ಬೇರ್ಪಡುತ್ತದೆ. ಭಾರವಾದದ್ದು ತಳಕ್ಕೆ ಇಳಿದು ಕಪ್ಪು ಕೆಸರಾಗುತ್ತದೆ. ಎಣ್ಣೆ, ಜಿಡ್ಡು, ಸೋಪಿನ ಅಂಶ ಮೇಲೆ ತೇಲಿ ದಪ್ಪ ಕೆನೆಗಟ್ಟುತ್ತವೆ. ನಡುವೆ ಉಳಿಯುವ ಸ್ವಲ್ಪ ತಿಳಿಯಾದ ನೀರು ಮಾತ್ರ ಹೊರಹೋಗಬೇಕು. ಅದಕ್ಕೆಂದೇ ಹೊರಹೋಗುವ ಕಡೆ 'ಟಿ' ಪೈಪ್ ಇಟ್ಟು, ಅದರ ಕೆಳಬಾಯಿ ಕೆನೆಯಿಂದ ಕೆಳಗೆ, ಕೆಸರಿನಿಂದ ಮೇಲೆ ಇರುವಂತೆ ಮಾಡುತ್ತಾರೆ. ಬಳಕೆ ಜಾಸ್ತಿ ಇರುವ ದಿನವೂ ನೀರು ಸುಮಾರು 24 ಗಂಟೆಯಾದರೂ ಒಳಗೆ ನಿಲ್ಲಬೇಕು.

ಈಗ ಲೆಕ್ಕ ನೋಡೋಣ. ನಿಮ್ಮ ಟ್ಯಾಂಕಿನ ಉದ್ದ 2 ಮೀಟರ್, ಅಗಲ 1 ಮೀಟರ್, ನೀರಿನ ಆಳ 1.2 ಮೀಟರ್ ಎಂದಿಟ್ಟುಕೊಳ್ಳಿ. ಅಂದರೆ 2,400 ಲೀಟರ್. ಬಚ್ಚಲಿನ ನೀರೂ ಸೇರಿ ದಿನಕ್ಕೆ 500 ಲೀಟರ್ ಬಂದರೆ, ಹೊಸ ಟ್ಯಾಂಕಿನಲ್ಲಿ ನೀರು ಹೆಚ್ಚುಕಡಿಮೆ ಐದು ದಿನ ನಿಲ್ಲುತ್ತದೆ. ಕೆಸರಿನ ಒಂದು ಪಾಲನ್ನು ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಕರಗಿಸುತ್ತವೆ. ಆದರೆ ಮರಳು, ಕೂದಲು, ಜೀರ್ಣವಾಗದ ನಾರು ಅಲ್ಲೇ ಉಳಿಯುತ್ತವೆ. ಒಬ್ಬರಿಗೆ ವರ್ಷಕ್ಕೆ ಅಂದಾಜು 40 ಲೀಟರ್ ಎಂದು ಹಿಡಿದರೆ ಐವರಿಂದ 200 ಲೀಟರ್. ನಾಲ್ಕು ವರ್ಷಕ್ಕೆ 800 ಲೀಟರ್, ಅಂದರೆ ಟ್ಯಾಂಕಿನ ಮೂರನೇ ಒಂದು ಭಾಗ. ಖಾಲಿ ಮಾಡಿಸುವ ಹೊತ್ತು ಇದೇ. ಹತ್ತು ವರ್ಷಕ್ಕೆ ನೀರಿಗೆ ಉಳಿಯುವುದು 400 ಲೀಟರ್ ಜಾಗ, ಒಂದು ದಿನದ ಬಳಕೆಗೂ ಸಾಲದು. ಬೆಳಗ್ಗೆ ಎಲ್ಲರೂ ಸ್ನಾನಕ್ಕಿಳಿದಾಗ ಬರುವ ನೀರು ಕೆಸರನ್ನು ಕಲಕಿಕೊಂಡೇ ಹೊರಹೋಗುತ್ತದೆ.

ಹನ್ನೆರಡು ವರ್ಷವಾದರೂ ಉಕ್ಕದಿರಲು ಕಾರಣ ಬಹುಶಃ ಇದೇ: ಕೆಸರು ಇಂಗುಗುಂಡಿಗೆ ಸಾಗುತ್ತಿದೆ. ಅಲ್ಲಿ ಅದು ಸುತ್ತಲಿನ ಮಣ್ಣಿನ ರಂಧ್ರ ಮುಚ್ಚುತ್ತದೆ. ಬೇಸಗೆಯಲ್ಲಿ ಗೊತ್ತಾಗುವುದಿಲ್ಲ, ಜೋರು ಮಳೆಗೆ ನೆಲ ನೀರು ಕುಡಿಯದಿದ್ದಾಗ ಕಕ್ಕಸಿನ ನೀರು ನಿಧಾನವಾಗಿ ಇಳಿಯುತ್ತದೆ, ಗುಂಡಿಯ ಸುತ್ತ ನೆಲ ಒದ್ದೆಯಾಗಿ ನಾರುತ್ತದೆ. ಕೆಟ್ಟ ಇಂಗುಗುಂಡಿ ಟ್ಯಾಂಕ್ ಖಾಲಿ ಮಾಡಿದರೂ ಸರಿಯಾಗುವುದಿಲ್ಲ, ಹೊಸದೇ ತೋಡಬೇಕಾಗುತ್ತದೆ. ಮುರಕಲ್ಲಿನಲ್ಲಿ ಬಿರುಕು, ಪೊಳ್ಳು ಇರುವ ಕಡೆ ಕೊಳೆನೀರು ಸೋಸದೆ ಬಾವಿಯತ್ತ ಹರಿಯುವ ಅಪಾಯವೂ ಇದೆ. ಕೇರಳದ ಕಟ್ಟಡ ನಿಯಮದಂತೆ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಬೇಕು. ಆದರೆ ಅಂಥ ಕಲ್ಲಿನಲ್ಲಿ ಅಷ್ಟೇ ಸಾಕೆಂದು ನೆಮ್ಮದಿಯಿಂದಿರಬೇಡಿ, ಬಾವಿ ನೀರನ್ನು ಪರೀಕ್ಷೆಗೆ ಕೊಡಿ.

ಇನ್ನೊಂದು ಸಾಧ್ಯತೆ ಇದೆ. ತಳಕ್ಕೆ ಕಾಂಕ್ರೀಟ್ ಹಾಕದೆ ರಿಂಗ್ ಇಳಿಸಿದ ಗುಂಡಿಯನ್ನೂ ಸೆಪ್ಟಿಕ್ ಟ್ಯಾಂಕ್ ಎಂದೇ ಕರೆಯುವುದುಂಟು. ನಿಮ್ಮದು ಅಂಥದ್ದಾದರೆ ನೀರು ಸೀದಾ ನೆಲಕ್ಕೆ ಹೋಗುತ್ತಿದೆ, ಮೇಲಿನ ಲೆಕ್ಕ ಅದಕ್ಕೆ ಹೊಂದದು.

ಅಳೆಯುವುದು ಕಷ್ಟವಲ್ಲ. ಹೊರಹೋಗುವ ಕಡೆಯ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ದೂರ ನಿಲ್ಲಿ. ಉದ್ದ ಕೋಲಿನ ಕೆಳಭಾಗಕ್ಕೆ ಬಿಳಿ ಬಟ್ಟೆ ಬಿಗಿಯಾಗಿ ಸುತ್ತಿ ತಳ ಮುಟ್ಟುವವರೆಗೆ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು ನಿಧಾನವಾಗಿ ಎತ್ತಿ. ದಟ್ಟ ಕಪ್ಪು ಎಲ್ಲಿವರೆಗೆ ಹತ್ತಿದೆಯೋ ಅದು ಕೆಸರಿನ ಎತ್ತರ. ಅದು 'ಟಿ' ಪೈಪಿನ ಕೆಳಬಾಯಿಗೆ 30 ಸೆಂಟಿಮೀಟರಿಗಿಂತ ಹತ್ತಿರವಿದ್ದರೆ, ಅಥವಾ ಕೆನೆಯ ಅಡಿ ಆ ಬಾಯಿಗೆ 15 ಸೆಂಟಿಮೀಟರಿಗಿಂತ ಹತ್ತಿರವಿದ್ದರೆ, ತಡಮಾಡಬೇಡಿ. ಒಳಗೆ ಬಗ್ಗಬೇಡಿ, ಬೀಡಿ, ಬೆಂಕಿ ಹತ್ತಿರ ತರಬೇಡಿ. ಖಾಲಿಯಾದ ಟ್ಯಾಂಕಿಗೂ ಯಾರನ್ನೂ ಇಳಿಸಬೇಡಿ. ಅಲ್ಲಿಯ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರನ್ನೂ ಬಿಡುವುದಿಲ್ಲ. ಮನುಷ್ಯರನ್ನು ಇಳಿಸಿ ತೆಗೆಸುವುದಕ್ಕೆ 2013ರ ಕಾಯ್ದೆಯ ನಿಷೇಧವೂ ಇದೆ.

ಲಾರಿಯವರು ಬಂದಾಗ ಮೇಲಿನ ನೀರನ್ನಷ್ಟೇ ಎಳೆದು ಹೊರಟರೆ ದುಡ್ಡು ಕೊಟ್ಟೂ ಕೆಸರು ಅಲ್ಲೇ ಉಳಿಯುತ್ತದೆ. ನೀರು ವಾಪಸ್ ಬಿಟ್ಟು ತಳ ಕಲಕಿ, ಎರಡೂ ಕೋಣೆಯಿಂದ ತೆಗೆಯಲು ಹೇಳಿ. ತೆಗೆದದ್ದು ತೋಡಿಗೆ ಹೋಗದೆ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆಂದು ಮೊದಲೇ ಕೇಳಿಕೊಳ್ಳಿ. ತಳದಲ್ಲಿ ಒಂದೆರಡು ಇಂಚು ಕೆಸರು ಉಳಿದರೆ ಚಿಂತೆಯಿಲ್ಲ, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಅಂಗಡಿಯ ಪುಡಿ ಬೇಕಾಗಿಲ್ಲ. ಮಳೆಗಾಲ ಹಿಡಿಯುವ ಮೊದಲು, ಪತ್ತನಾಜೆಯೊಳಗೆ ಈ ಕೆಲಸ ಮುಗಿಸಿ, ಕೂಡಲೇ ಟ್ಯಾಂಕಿಗೆ ನೀರು ತುಂಬಿಸಿ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೇರಿದಾಗ, ಬರಿದಾದ ಟ್ಯಾಂಕ್, ಅದರಲ್ಲೂ ಫೈಬರಿನದ್ದಾದರೆ, ಮೇಲೆದ್ದು ಪೈಪುಗಳನ್ನು ಕಿತ್ತುಹಾಕಬಹುದು.