ಹಾಗಲಕಾಯಿ ಜ್ಯೂಸಿನ ಬಾಟಲಿಗೆ ಚರಂಟಿನ್ ಬಂದದ್ದು ಹೇಗೆ?

ದಾದರ್, ಮಾಟುಂಗಾ ಕಡೆ ಬೆಳಗಿನ ವಾಕಿಂಗ್‌ಗೆ ಹೋಗುವವರಿಗೆ ಹಾಗಲಕಾಯಿ ಜ್ಯೂಸ್ ಹೊಸದಲ್ಲ. ಮುಂಬೈ ಕನ್ನಡಿಗರ ಬಾಯಲ್ಲೂ ಅದು ‘ಕಾರ್ಲೆ ಜ್ಯೂಸ್’ ಆಗಿದೆ. ಕಹಿ ತಡೆಯದವರು ಕ್ಯಾಪ್ಸೂಲ್ ತರುತ್ತಾರೆ. ಇವುಗಳನ್ನು ಮಾರುವವರು ಹೇಳುವ ಹೆಸರು ಚರಂಟಿನ್, ಹಾಗಲಕಾಯಿಯಲ್ಲಿರುವ ಒಂದು ವಸ್ತು. ಶುಗರ್ ಇಳಿಸುವುದು ಇದೇ ಅಂತೆ.

ಈ ಹೆಸರಿಗೂ ಮುಂಬೈಗೂ ಹಳೆಯ ನಂಟಿದೆ. 1962ರಲ್ಲಿ ಲೋಟ್ಲೀಕರ್ ಮತ್ತು ರಾಜಾರಾಮ ರಾವ್ ಬಾಂಬೆ ವಿಶ್ವವಿದ್ಯಾಲಯದ ಜರ್ನಲ್‌ನಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದರು. ಹಾಗಲಕಾಯಿಯಿಂದ ಶುಗರ್ ಇಳಿಸುವ ವಸ್ತುವೊಂದನ್ನು ಬೇರ್ಪಡಿಸಿದ್ದೇವೆ ಎಂಬುದು ಅದರ ಸಾರ. 1966ರಲ್ಲಿ ಅದರ ಪರಿಣಾಮಗಳ ಬಗ್ಗೆ ಇನ್ನೊಂದು ಲೇಖನ ಬಂತು. ಉಪವಾಸವಿದ್ದ ಮೊಲಗಳಿಗೆ ಚರಂಟಿನ್ ಕೊಟ್ಟಾಗ ಕೆಲವು ಗಂಟೆಗಳಲ್ಲಿ ರಕ್ತದ ಸಕ್ಕರೆ ಇಳಿದಿತ್ತು. ಆ ಕಾಲಕ್ಕೆ ಇದು ಒಳ್ಳೆಯ ಕೆಲಸವೇ. ಆದರೆ ಇವತ್ತಿನ ಜಾಹೀರಾತಿನ ಮಾತು ಮೊಲದಿಂದ ನೇರ ಮನುಷ್ಯನಿಗೆ ಜಿಗಿದುಬಿಡುತ್ತದೆ.

ಚರಂಟಿನ್ ಒಂದೇ ವಸ್ತುವೂ ಅಲ್ಲ. ಅದು ಎರಡು ಸ್ಟೆರಾಲ್ ಗ್ಲುಕೋಸೈಡ್‌ಗಳ, ಅಂದರೆ ಗಿಡದ ಕೊಬ್ಬಿನಂಥ ವಸ್ತುವಿಗೆ ಗ್ಲುಕೋಸ್ ಅಂಟಿದ ಅಣುಗಳ, ಸಮಪಾಲಿನ ಮಿಶ್ರಣ. ಅದರಲ್ಲಿ ಒಂದು, ಸಿಟೊಸ್ಟೆರಾಲ್‌ನದ್ದು, ಬೇರೆ ಎಷ್ಟೋ ಗಿಡಗಳಲ್ಲೂ ಇದೆ. 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಚರಂಟಿನ್‌ನ ಈ ಎರಡು ಭಾಗಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದರು. ರಕ್ತದ ಸಕ್ಕರೆಯಲ್ಲಿ ಗಮನಿಸುವಂಥ ಬದಲಾವಣೆ ಏನೂ ಕಾಣಲಿಲ್ಲ. ಮಧುಮೇಹವಿದ್ದ ಇಲಿಗಳಲ್ಲಿ ಕೆಲಸ ಮಾಡಿದ್ದು ಹಾಗಲದ ಬೇರೆಯೇ ವಸ್ತುಗಳು, ಕುಕುರ್ಬಿಟೇನ್ ಎಂಬ ಗುಂಪಿನವು. ಅದೂ ಇಲಿಯ ತೂಕದ ಕಿಲೋಗೆ 400 ಮಿಲಿಗ್ರಾಂನಷ್ಟು ಕೊಟ್ಟಾಗ! ಈ ಗುಂಪಿನ ವಸ್ತುಗಳು ಜೀವಕೋಶಗಳು ಗ್ಲುಕೋಸ್ ಎಳೆದುಕೊಳ್ಳುವಂತೆ ಮಾಡುತ್ತವೆ ಎಂದು 2008ರ ಇನ್ನೊಂದು ಸಂಶೋಧನೆ ತೋರಿಸಿತು.

ಇನ್ನೊಂದು ತೊಡಕು: ಚರಂಟಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ತೆಗೆಯಲು ಆಲ್ಕೋಹಾಲ್‌ನಂಥ ದ್ರಾವಕ ಬಳಸುತ್ತಾರೆ. ಹಾಗಲಕಾಯಿ ರುಬ್ಬಿ, ನೀರು ಹಾಕಿ, ಸೋಸಿ ಕುಡಿದರೆ ಅದರ ಹೆಚ್ಚಿನ ಪಾಲು ಚರಟದಲ್ಲೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಜ್ಯೂಸಿನಿಂದ ಏನಾದರೂ ಗುಣ ಸಿಕ್ಕರೂ ಅದರ ಶ್ರೇಯಸ್ಸನ್ನು ಚರಂಟಿನ್‌ಗೆ ಕೊಡುವುದು ಕಷ್ಟ.

ಸರಿ, ಯಾವ ವಸ್ತುವಾದರೂ ಇರಲಿ, ಮನುಷ್ಯರಲ್ಲಿ ಶುಗರ್ ಇಳಿಯುತ್ತದೆಯೇ? 1981ರಲ್ಲಿ ಬ್ರಿಟನ್‌ನಲ್ಲಿ ಏಷ್ಯಾ ಮೂಲದ 9 ಮಧುಮೇಹಿಗಳಿಗೆ ಹಾಗಲಕಾಯಿ ಕೊಟ್ಟಾಗ ಸಕ್ಕರೆ ತಾಳಿಕೊಳ್ಳುವ ಶಕ್ತಿ ಸುಧಾರಿಸಿತ್ತು. ಆದರೆ ಹೋಲಿಸಲು ಹಾಗಲ ತಿನ್ನದ ಗುಂಪು ಇರಲಿಲ್ಲ. 2007ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ 40 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಹಾಗಲದ ಕ್ಯಾಪ್ಸೂಲ್, ಇನ್ನೊಂದಕ್ಕೆ ಹುಸಿ ಮಾತ್ರೆ, ಮೂರು ತಿಂಗಳು. ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿಯಲ್ಲಿ ಕಂಡ ವ್ಯತ್ಯಾಸ 0.22 ಅಂಶ ಮಾತ್ರ. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು.

2011ರ ಥಾಯ್ಲೆಂಡ್ ಪ್ರಯೋಗ ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ಹೋಲಿಸಲು ಪಕ್ಕದಲ್ಲೇ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಇತ್ತು. ನಾಲ್ಕು ವಾರ ಕೆಲವರು ದಿನಕ್ಕೆ 500, ಕೆಲವರು 1000, ಕೆಲವರು 2000 ಮಿಲಿಗ್ರಾಂ ಹಾಗಲ ತೆಗೆದುಕೊಂಡರು. ಇನ್ನೊಂದು ಗುಂಪು 1000 ಮಿಲಿಗ್ರಾಂ ಮೆಟ್‌ಫಾರ್ಮಿನ್ ತೆಗೆದುಕೊಂಡಿತು. ಅಳೆದದ್ದು ಫ್ರುಕ್ಟೋಸಮೀನ್. ಅದು ಎರಡು ಮೂರು ವಾರಗಳ ಸರಾಸರಿ ಶುಗರ್ ಹೇಳುತ್ತದೆ. ಹಾಗಲದ ಗುಂಪುಗಳಲ್ಲಿ 2000 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಮಾತ್ರ ನಂಬುವಂಥ ಇಳಿಕೆ ಕಂಡಿತು. ಅದೂ ಮೆಟ್‌ಫಾರ್ಮಿನ್‌ಗಿಂತ ಕಡಿಮೆ. ಕಾಕ್ರೇನ್ ಎಂಬ ಸಂಸ್ಥೆಯ 2012ರ ವಿಮರ್ಶೆ ಇಂಥ ನಾಲ್ಕು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದಿತು. ನನ್ನ ಅಂದಾಜೂ ಅದೇ: ಸ್ವಲ್ಪ ಪರಿಣಾಮ ಇರಬಹುದು, ಮಾತ್ರೆಯ ಜಾಗ ತುಂಬುವಷ್ಟಲ್ಲ.

‘ನನಗೆ ಕೆಲಸ ಮಾಡಿತಲ್ಲ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಜ್ಯೂಸ್ ಶುರುಮಾಡುವ ಮೊದಲು ಖಾಲಿ ಹೊಟ್ಟೆಯ ಶುಗರ್ 148, ಆಮೇಲೆ 132 ಅಂದುಕೊಳ್ಳಿ. ಮನೆಯ ಗ್ಲುಕೋಮೀಟರ್‌ಗೆ ಆ ಮಟ್ಟದಲ್ಲಿ ಶೇಕಡಾ 15ರಷ್ಟು ಹೆಚ್ಚುಕಡಿಮೆ ತೋರಿಸಲು ಮಾನದಂಡವೇ ಅವಕಾಶ ಕೊಡುತ್ತದೆ. 148ಕ್ಕೆ ಅದು ಸುಮಾರು 22. ಅಂದರೆ 16ರ ಇಳಿಕೆ ಬರೀ ಮೀಟರಿನದ್ದೂ ಇರಬಹುದು. ಜೊತೆಗೆ ಅವರು ವಾಕಿಂಗ್ ಜಾಸ್ತಿ ಮಾಡಿರುತ್ತಾರೆ, ರಾತ್ರಿಯ ಅನ್ನ ಬಿಟ್ಟಿರುತ್ತಾರೆ. ತಿಳಿಯಬೇಕಿದ್ದರೆ ಲ್ಯಾಬ್‌ನಲ್ಲಿ ಎಚ್‌ಬಿಎ1ಸಿ ಮಾಡಿಸಿ, ಬೇರೇನನ್ನೂ ಬದಲಿಸದೆ ಮೂರು ತಿಂಗಳ ಮೇಲೆ ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಬೇಕು.

ಪಲ್ಯ, ಗೊಜ್ಜು ಸುಮ್ನೆ ಊಟಕ್ಕೆ ತಿನ್ನುವವರು ಹೆದರಬೇಕಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ದಿನವೂ ಜ್ಯೂಸ್ ಕುಡಿಯುವುದನ್ನು ಡಾಕ್ಟರಿಗೆ ಹೇಳಲೇಬೇಕು. ಎರಡೂ ಸೇರಿ ಶುಗರ್ ತೀರಾ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ತಲೆ ಮಂಕಾಗುತ್ತದೆ. ಗ್ಲಿಮೆಪಿರೈಡ್‌ನದ್ದೇ ಗುಂಪಿಗೆ ಸೇರಿದ ಕ್ಲೋರ್‌ಪ್ರೊಪಮೈಡ್ ಮಾತ್ರೆಯ ಜೊತೆ ಹಾಗಲಕಾಯಿ ಇಂಥ ಕೆಲಸ ಮಾಡಬಹುದು ಎಂದು 1979ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಗಿತ್ತು. ಗರ್ಭಿಣಿಯರು, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಈ ಜ್ಯೂಸ್, ಕ್ಯಾಪ್ಸೂಲ್‌ಗಳಿಂದ ದೂರವಿರುವುದೇ ಸರಿ.